ಒಂದೇ ಒಂದು ನೆನಪೋಲೆ

ಹಿರಿಯೂರಿನ ಹುಡುಗಿಯೊಬ್ಬಳು ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ತುಮಕೂರಿನ ಕಂಪನಿಯೊಂದಕ್ಕೆ ಅಕೌಂಟ್ಸ್ ಅಸಿಸ್ಟೆಂಟ್ ಬೇಕಾಗಿದೆ. ಹುಡುಗಿ ಅರ್ಜಿ ಹಾಕಿದ್ದಾಳೆ. ಮಂಗಳವಾರ ಬೆಳಿಗ್ಗೆ ಕಂಪನಿಯ ನೇಮಕಾತಿ ಅಧಿಕಾರಿ ಫೋನ್ ಮಾಡಿ ಹತ್ತು ನಿಮಿಷ ಮಾತನಾಡುತ್ತಾರೆ. ಟ್ಯಾಲಿ ಬರುತ್ತದೆಯೇ, ಜಿ.ಎಸ್.ಟಿ. ಬಗ್ಗೆ ತಿಳಿದಿದೆಯೇ, ತುಮಕೂರಿಗೆ ಬರಲು ಅಡ್ಡಿಯಿಲ್ಲವೇ ಎಂದು ಕೇಳುತ್ತಾರೆ. ಹುಡುಗಿಯ ದನಿಯಲ್ಲಿ ಉತ್ಸಾಹವಿದೆ. "ಆಸಕ್ತಿ ಇದೆ ಸರ್, ಮನೆಯಲ್ಲಿ ಕೇಳಿ ಶುಕ್ರವಾರದೊಳಗೆ ಹೇಳುತ್ತೇನೆ" ಎನ್ನುತ್ತಾಳೆ. ಶುಕ್ರವಾರ ಬರುತ್ತದೆ, ಹೋಗುತ್ತದೆ. ಹುಡುಗಿಯಿಂದ ಸುದ್ದಿಯಿಲ್ಲ.

ನೇಮಕಾತಿಯ ಕೆಲಸ ಮಾಡುವವರಿಗೆ ಇದು ವಾರಕ್ಕೊಮ್ಮೆಯಾದರೂ ಎದುರಾಗುವ ಸಂಗತಿ. ಆಗ ಅವರು ಏನು ಮಾಡುತ್ತಾರೆ ಎಂಬುದು ವಿದ್ಯಾರ್ಥಿಗಳಿಗೂ ಪಾಲಕರಿಗೂ ಸಾಮಾನ್ಯವಾಗಿ ತಿಳಿದಿರುವುದಿಲ್ಲ. 'ಅವರಿಗೆ ಬೇಕಿದ್ದರೆ ಮತ್ತೆ ಮತ್ತೆ ಫೋನ್ ಮಾಡುತ್ತಾರೆ' ಎಂಬ ನಂಬಿಕೆ ಹಲವು ಮನೆಗಳಲ್ಲಿದೆ. ಕೆಲಸ ಬಲ್ಲ ಅಧಿಕಾರಿ ಹಾಗೆ ಮಾಡುವುದಿಲ್ಲ. ಅವರು ಒಂದೇ ಒಂದು ಸಲ, ಮೆಲುದನಿಯಲ್ಲಿ ನೆನಪಿಸುತ್ತಾರೆ. ಸರ್ಕಾರಿ ಕಚೇರಿಗಳ ಮಾತಿನಲ್ಲಿ ಹೇಳುವುದಾದರೆ ಒಂದು ನೆನಪೋಲೆ ಕಳುಹಿಸುತ್ತಾರೆ. ಅದಕ್ಕೂ ಉತ್ತರ ಬಾರದಿದ್ದರೆ ಕಡತ ಮುಚ್ಚುತ್ತಾರೆ.

ನೆನಪಿಸುವುದೇಕೆ ಎಂದರೆ, ಮೌನದ ಅರ್ಥ ದೂರದಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ. ಹಿಂದೆ ಸಂದರ್ಶನದ ಪತ್ರ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಹೋಗುತ್ತಿತ್ತು. ಸ್ವೀಕೃತಿ ಚೀಟಿ ಸಹಿಯಾಗಿ ಹಿಂದಿರುಗಿದರೆ ಪತ್ರ ಮನೆ ತಲುಪಿತು ಎಂದು ಕಚೇರಿಗೆ ಗೊತ್ತಾಗುತ್ತಿತ್ತು. (ಆ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋಯಿತು.) ಇಂದಿನ ವಾಟ್ಸಾಪ್‌ನಲ್ಲಿ ನೀಲಿ ಗೆರೆ ಕಾಣದಂತೆ ಮಾಡಿಕೊಳ್ಳಬಹುದು. ಇ-ಮೇಲ್ ಬೇಡದ ಜಾಹೀರಾತುಗಳ ನಡುವೆ ಹೂತುಹೋಗಿರಬಹುದು. ರೀಚಾರ್ಜ್ ಮುಗಿದ ಸಿಮ್‌ಗೆ ಕೆಲವು ದಿನಗಳ ನಂತರ ಬರುವ ಕರೆಯೂ ನಿಂತುಹೋಗುತ್ತದೆ. ಗುರುತಿಲ್ಲದ ನಂಬರೆಂದು ತಾಯಿ ಕರೆಯನ್ನು ಕತ್ತರಿಸಿರಬಹುದು. ಒಟ್ಟಿನಲ್ಲಿ ಸುಮ್ಮನಿರುವವರಲ್ಲಿ ಮೂರು ಬಗೆ: ಸಂದೇಶವನ್ನೇ ನೋಡದವರು, ನೋಡಿಯೂ ತೀರ್ಮಾನಿಸಲಾರದವರು, ಬೇಡವೆಂದು ತೀರ್ಮಾನಿಸಿ ಹೇಳಲು ಸಂಕೋಚಪಡುವವರು. ಹೊರಗಿನಿಂದ ನೋಡಿದರೆ ಮೂವರೂ ಒಂದೇ. ನಮ್ಮ ಕಡೆಯ ಮಕ್ಕಳಲ್ಲಿ ಮೂರನೆಯ ಬಗೆಯವರೇನು ಕಡಿಮೆಯಲ್ಲ. ದೊಡ್ಡವರಿಗೆ 'ಇಲ್ಲ' ಎಂದು ಎದುರಿಗೆ ಹೇಳುವುದು ಉದ್ಧಟತನ ಎಂದು ಅವರು ಕಲಿತಿರುತ್ತಾರೆ.

ಹೀಗಾಗಿ ನೆನಪಿಸುವ ಸಂದೇಶ ಆ ಮೂವರಿಗೂ ಉತ್ತರಿಸಲು ದಾರಿ ಬಿಡುವಂತಿರಬೇಕು. ನಮ್ಮ ಉದಾಹರಣೆಯ ಅಧಿಕಾರಿ ಶನಿವಾರವೇ ಬರೆಯಲಿಲ್ಲ. ಶನಿವಾರ, ಭಾನುವಾರ ಮನೆಮಂದಿಯೆಲ್ಲ ಒಟ್ಟಿಗಿರುವ ದಿನಗಳು; ಇಂಥ ಮಾತು ಚರ್ಚೆಗೆ ಬರುವುದೇ ಆಗ. ಅವರು ಸೋಮವಾರ ಹನ್ನೊಂದರ ಹೊತ್ತಿಗೆ ಹೀಗೆ ಬರೆದರು:

"ನಮಸ್ಕಾರ. ಕಳೆದ ಮಂಗಳವಾರ ತುಮಕೂರಿನ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸದ ಬಗ್ಗೆ ನಿಮ್ಮೊಂದಿಗೆ ಮಾತನಾಡಿದ್ದೆ. ಮನೆಯಲ್ಲಿ ಕೇಳಿ ಹೇಳುವುದಾಗಿ ತಿಳಿಸಿದ್ದಿರಿ. ಸಂದರ್ಶನಕ್ಕೆ ಬರುವವರ ಪಟ್ಟಿಯನ್ನು ಈ ಗುರುವಾರ ಸಂಜೆ ಕೊಡಬೇಕಾಗಿದೆ. ನಿಮ್ಮ ಹೆಸರು ಸೇರಿಸಲೇ? ಈಗ ಅನುಕೂಲವಿಲ್ಲದಿದ್ದರೆ 'ಬೇಡ' ಎಂದಷ್ಟೇ ಬರೆದರೂ ಸಾಕು. ಏನಾದರೂ ಕೇಳುವುದಿದ್ದರೆ ಇದೇ ನಂಬರಿಗೆ ಫೋನ್ ಮಾಡಿ."

ಇಷ್ಟೇ. ಆದರೆ ಇದರಲ್ಲಿ ವ್ಯರ್ಥವಾದ ಸಾಲಿಲ್ಲ. ಮೊದಲ ಸಾಲು ಯಾವ ಕೆಲಸ, ಯಾವ ಊರು, ಯಾವ ದಿನದ ಮಾತು ಎಂಬುದನ್ನು ಹೇಳುತ್ತದೆ. ನಾಲ್ಕು ಕಡೆ ಅರ್ಜಿ ಹಾಕಿದ ಹುಡುಗಿಗೆ ಇದು ಬೇಕು. ಎರಡನೆಯದು ಅವಳ ಮಾತನ್ನೇ ಅವಳಿಗೆ ನೆನಪಿಸುತ್ತದೆ, ಆದರೆ 'ಶುಕ್ರವಾರವೇ ಹೇಳುತ್ತೇನೆಂದಿದ್ದಿರಿ' ಎಂದು ಚುಚ್ಚುವುದಿಲ್ಲ. ಗುರುವಾರ ಎಂಬುದು ಹೆದರಿಸಲು ಹುಟ್ಟಿಸಿದ ಗಡುವಲ್ಲ, ಪಟ್ಟಿ ನಿಜಕ್ಕೂ ಅಂದು ಹೋಗಬೇಕು. ಕೇಳಿರುವ ಪ್ರಶ್ನೆ ಒಂದೇ, ಅದಕ್ಕೆ ಒಂದೇ ಪದದಲ್ಲಿ ಉತ್ತರಿಸಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು 'ಬೇಡ ಎಂದಷ್ಟೇ ಬರೆದರೂ ಸಾಕು' ಎಂಬ ಮಾತು. ಸಂಕೋಚದಿಂದ ಸುಮ್ಮನಾದವರ ಬಾಯಿ ತೆರೆಸುವುದು ಅದೇ.

'ನಿಮಗೆ ಎರಡು ಸಲ ಕರೆ ಮಾಡಿದರೂ ಉತ್ತರವಿಲ್ಲ, ಇದು ಕೊನೆಯ ಅವಕಾಶ' ಎಂಬ ಧಾಟಿಯಲ್ಲಿ ಬರೆಯುವವರೂ ಇದ್ದಾರೆ. ಅದಕ್ಕೆ ಬೇಗ ಉತ್ತರ ಬರುವುದುಂಟು. ಆದರೆ ಹೆದರಿ 'ಬರುತ್ತೇನೆ' ಎಂದವರು ಸಂದರ್ಶನದ ದಿನ ಬಾರದೆ ಹೋಗುತ್ತಾರೆ, ಆಗ ನಷ್ಟ ಹೆಚ್ಚು. ಇನ್ನು ಕೆಲವರು ಬಯೋಡೇಟಾದಲ್ಲಿರುವ ತಂದೆಯ ನಂಬರಿಗೇ ಫೋನ್ ಮಾಡುತ್ತಾರೆ. ನಮ್ಮಲ್ಲಿ ಬಯೋಡೇಟಾದಲ್ಲಿ ತಂದೆಯ ಹೆಸರು, ನಂಬರು ಬರೆಯುವ ರೂಢಿ ಇರುವುದರಿಂದ ಇದು ಸುಲಭ. ಸುಲಭವೆಂದ ಮಾತ್ರಕ್ಕೆ ಸರಿಯಲ್ಲ. ಅರ್ಜಿ ಹಾಕಿದವಳು ಮಗಳು. ಮನೆಯಲ್ಲಿ ಆಕೆ ಇನ್ನೂ ವಿಷಯವನ್ನೇ ಎತ್ತಿರದಿದ್ದರೆ, ಆ ಒಂದು ಕರೆಯಿಂದ ಮಾತು ಕೆಟ್ಟೇ ಹೋಗಬಹುದು.

ಹಾಗಾದರೆ ಒಂದೇ ಸಲ ಏಕೆ, ಎರಡು ಮೂರು ಸಲ ನೆನಪಿಸಿದರೆ ತಪ್ಪೇನು? ಮೊದಲ ಸಂದೇಶ ನೋಡದೆ ಇದ್ದವರಿಗೆ ಎರಡನೆಯದು ನೆರವಾಗುತ್ತದೆ. ಅದನ್ನೂ ನೋಡಿ ಸುಮ್ಮನಿರುವವರು ಬಹುಮಟ್ಟಿಗೆ ಉತ್ತರ ಕೊಟ್ಟಂತೆಯೇ. ಮೂರನೆಯದು ಅವರಿಗೆ ಒತ್ತಾಯವಾಗಿ ಕಾಣುತ್ತದೆ, ಅವರು ನಂಬರನ್ನೇ ಬ್ಲಾಕ್ ಮಾಡುತ್ತಾರೆ. ಮುಂದೆ ಅವರಿಗೆ ಒಪ್ಪುವ ಕೆಲಸ ಬಂದಾಗಲೂ ತಲುಪಲಾಗುವುದಿಲ್ಲ. ಅಲ್ಲದೆ ಅಧಿಕಾರಿಯ ಮುಂದೆ ಆ ಒಂದು ಕೆಲಸಕ್ಕೆ ಐದಾರು ಹೆಸರುಗಳಿರುತ್ತವೆ. ಒಬ್ಬರ ಮೌನಕ್ಕೆ ಕಾಯುತ್ತ ಕೂತರೆ, ಪಟ್ಟಿಯ ಕೆಳಗಿರುವ ಇನ್ನೊಬ್ಬರು ಸುಮ್ಮನೆ ಕಾಯಬೇಕಾಗುತ್ತದೆ.

ಈ ಲೆಕ್ಕ ಆರಂಭದ ಹಂತಕ್ಕೆ ಮಾತ್ರ. ಸಂದರ್ಶನದ ದಿನ ಗೊತ್ತಾದ ಮೇಲೆ ಹಿಂದಿನ ದಿನ ಜ್ಞಾಪಿಸುವುದು ಬೇರೆ ವಿಷಯ. ನೇಮಕಾತಿ ಪತ್ರ ಒಪ್ಪಿ, ಸೇರುವ ದಿನ ಹೇಳಿದ ಮೇಲಂತೂ ಕಂಪನಿಯವರು ಹಲವು ಸಲ ಫೋನ್ ಮಾಡುವುದು ನ್ಯಾಯವೇ; ಆಗ ಕೊಟ್ಟ ಮಾತಿದೆ. ಇಲ್ಲಿರುವುದು ತೋರಿಸಿದ ಆಸಕ್ತಿ ಅಷ್ಟೇ.

ಹಿರಿಯೂರಿನ ಮನೆಯಲ್ಲಿ ನಿಜವಾಗಿ ನಡೆದದ್ದೇನು? ತಂದೆ ಬೇಡವೆಂದಿರಲಿಲ್ಲ. "ಎಲ್ಲಿ ಇರ್ತೀಯ?" ಎಂದು ಕೇಳಿದ್ದರು. ಮಗಳ ಬಳಿ ಉತ್ತರವಿರಲಿಲ್ಲ. ಹಿರಿಯೂರಿನಿಂದ ತುಮಕೂರಿಗೆ ಹೆದ್ದಾರಿಯಲ್ಲಿ ಸುಮಾರು 90 ಕಿ.ಮೀ. ಬಸ್ಸುಗಳಿಗೇನೋ ಕೊರತೆಯಿಲ್ಲ. ದಿನವೂ ಹೋಗಿಬರಬಹುದೇ, ಅಲ್ಲೇ ಉಳಿದರೆ ಸಂಬಳದಲ್ಲಿ ಎಷ್ಟು ಉಳಿದೀತು ಎಂಬುದು ಗೊತ್ತಾಗದೆ ಮಾತು ಅಲ್ಲೇ ನಿಂತಿತ್ತು. ಇದನ್ನೆಲ್ಲ ಕಂಪನಿಯವರನ್ನು ಕೇಳಬಹುದು ಎಂಬುದೇ ಹುಡುಗಿಗೆ ಹೊಳೆದಿರಲಿಲ್ಲ. ಕೇಳಿದರೆ 'ಇವಳಿಗೆ ಕೆಲಸಕ್ಕಿಂತ ಸಂಬಳದ ಚಿಂತೆ' ಎಂದುಕೊಂಡಾರು ಎಂಬ ಅಳುಕು.

ಸಂದೇಶದ ಕೊನೆಯ ಸಾಲು ನೋಡಿ ಆಕೆ ಮಂಗಳವಾರ ಫೋನ್ ಮಾಡಿದಳು. ಅಧಿಕಾರಿ ಮುಚ್ಚುಮರೆಯಿಲ್ಲದೆ ಹೇಳಿದರು: ಕೈಗೆ ಬರುವ ಸಂಬಳ 17,000 ರೂಪಾಯಿ, ಕಂಪನಿಯಿಂದ ವಸತಿ ಇಲ್ಲ. ಸಾಮಾನ್ಯ ದಿನ ಸಂಜೆ ಆರಕ್ಕೆ ಬಿಡುಗಡೆ. ಆದರೆ ತಿಂಗಳಿಗೊಮ್ಮೆ ಜಿ.ಎಸ್.ಟಿ. ವಿವರ ಸಲ್ಲಿಸುವ ಕಂಪನಿಗಳಿಗೆ ಮಾರಾಟದ ವಿವರದ ಜಿ.ಎಸ್.ಟಿ.ಆರ್.-1ಕ್ಕೆ 11ನೇ ತಾರೀಖು, ತೆರಿಗೆ ಕಟ್ಟುವ 3-ಬಿಗೆ 20ನೇ ತಾರೀಖು ಕೊನೆಯ ದಿನ. ಅದರ ಹಿಂದಿನ ಎರಡು ಮೂರು ದಿನ ರಾತ್ರಿ ಎಂಟಾಗುತ್ತದೆ. ಎಂಟಕ್ಕೆ ಬಿಟ್ಟರೆ ಹುಡುಗಿ ಹಿರಿಯೂರು ಸೇರುವುದು ಹನ್ನೊಂದರ ಹೊತ್ತಿಗೆ. ದಿನವೂ ಓಡಾಡುವ ಮಾತು ಅಲ್ಲಿಗೇ ಮುಗಿಯಿತು. ಪಿ.ಜಿ.ಯಲ್ಲಿ ಊಟ ಸೇರಿ 6,500 ಹೋದರೆ, ವಾರಕ್ಕೊಮ್ಮೆ ಊರಿಗೆ ಬರುವ ಖರ್ಚು ಕಳೆದು ಒಂಬತ್ತು ಸಾವಿರದಷ್ಟು ಉಳಿಯುತ್ತದೆ. ಮನೆಯಲ್ಲಿ ಲೆಕ್ಕ ಹಾಕಿದರು. ತಾಯಿಯ ಮಂಡಿ ಚಿಕಿತ್ಸೆ ಮುಗಿಯುವವರೆಗೆ ಮಗಳು ಊರಲ್ಲೇ ಇರಲಿ ಎಂದಾಯಿತು. ಬುಧವಾರ ಆಕೆ ಬರೆದಳು: "ಸರ್, ಮನೆಯ ಪರಿಸ್ಥಿತಿಯಿಂದ ಸದ್ಯಕ್ಕೆ ತುಮಕೂರಿಗೆ ಬರಲಾಗುವುದಿಲ್ಲ. ಆರು ತಿಂಗಳ ನಂತರ ಆಗಬಹುದು. ಚಿತ್ರದುರ್ಗದಲ್ಲೇನಾದರೂ ಇದ್ದರೆ ದಯವಿಟ್ಟು ತಿಳಿಸಿ."

'ಬೇಡ ಎಂದರೆ ಹೆಸರು ಕಪ್ಪು ಪಟ್ಟಿಗೆ ಸೇರುತ್ತದೆ' ಎಂದು ಹಾಸ್ಟೆಲುಗಳಲ್ಲಿ ಒಂದು ಮಾತು ಓಡಾಡುತ್ತದೆ. ನೇಮಕಾತಿಯ ಕಡತದಲ್ಲಿ ನಡೆಯುವುದು ಇದಕ್ಕೆ ತಿರುಗು ಮುರುಗು. ಹುಡುಗಿಯ ಹೆಸರಿನ ಮುಂದೆ ಅಧಿಕಾರಿ 'ತಾನಾಗಿ ಹಿಂದೆ ಸರಿದರು, ಊರಿನ ಕಾರಣ, ಆರು ತಿಂಗಳ ನಂತರ ಕೇಳಬಹುದು' ಎಂದು ಗುರುತು ಹಾಕಿಕೊಂಡರು. ಆಕೆ ಸುಮ್ಮನೇ ಇದ್ದಿದ್ದರೆ ಅಲ್ಲಿ 'ಉತ್ತರವಿಲ್ಲ' ಎಂದಷ್ಟೇ ಇರುತ್ತಿತ್ತು. ಮುಂದೊಂದು ದಿನ ಹಳೆಯ ಪಟ್ಟಿ ತೆಗೆದಾಗ ಮೊದಲು ಕರೆ ಹೋಗುವುದು ಕಾರಣ ಗೊತ್ತಿರುವ ಹೆಸರಿಗೆ. ಕಾರಣ ತಿಳಿಸದೆ ಮಾಯವಾದವರನ್ನು ಕೆಲವರು ಬಿಟ್ಟೇ ಬಿಡುತ್ತಾರೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯನ್ನೂ ಹೇಳಬೇಕು. ಸಂದರ್ಶನ ಮುಗಿಸಿ 'ತಿಳಿಸುತ್ತೇವೆ' ಎಂದು ತಿಂಗಳುಗಟ್ಟಲೆ ಸುಮ್ಮನಾಗುವ ಕಂಪನಿಗಳು ಬೇಕಾದಷ್ಟಿವೆ. ಅಭ್ಯರ್ಥಿಯೂ ಅವರಿಗೆ ಇದೇ ಬಗೆಯ ಒಂದು ನೆನಪೋಲೆ ಬರೆಯಬಹುದು: ಯಾವ ದಿನ, ಯಾವ ಕೆಲಸ, ಒಂದೇ ಪ್ರಶ್ನೆ. ಅದಕ್ಕೂ ಉತ್ತರ ಬಾರದಿದ್ದರೆ ಬೇರೆ ಕಡೆ ನೋಡಿಕೊಳ್ಳುವುದೇ ಸರಿ.

ಪಾಲಕರ ಅನುಮಾನ ಮತ್ತೊಂದಿದೆ: ಇಂಥ ಸಂದೇಶ ಮೋಸಗಾರರದಲ್ಲ ಎಂದು ತಿಳಿಯುವುದು ಹೇಗೆ? ನಿಜವಾದ ನೆನಪೋಲೆಯಲ್ಲಿ ಹಿಂದೆ ಆಡಿದ ಮಾತಿನ ಗುರುತಿರುತ್ತದೆ. ಮೋಸದ್ದರಲ್ಲಿ 'ನೀವು ಆಯ್ಕೆಯಾಗಿದ್ದೀರಿ, ಇಂದೇ ಖಚಿತಪಡಿಸಿ' ಎಂಬ ಅವಸರವಿರುತ್ತದೆ. ರಿಜಿಸ್ಟ್ರೇಷನ್ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ಓ.ಟಿ.ಪಿ. ಕೇಳಿದರೆ ಅಲ್ಲಿಗೆ ಮಾತು ನಿಲ್ಲಿಸಬೇಕು. ಅನುಮಾನ ಬಂದರೆ ಸಂದೇಶದಲ್ಲಿರುವ ನಂಬರಿಗಲ್ಲ, ಕಂಪನಿಯ ಜಾಲತಾಣದಲ್ಲಿರುವ ಕಚೇರಿ ನಂಬರಿಗೆ ಫೋನ್ ಮಾಡಿ ವಿಚಾರಿಸಬೇಕು. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಸೈಬರ್ ವಂಚನೆಯ ದೂರಿಗೆ ಇರುವ ರಾಷ್ಟ್ರೀಯ ಸಹಾಯವಾಣಿ ಅದು.

ಅಂದ ಹಾಗೆ, ಗುರುವಾರದ ಪಟ್ಟಿಯಲ್ಲಿ ಹಿರಿಯೂರಿನ ಹುಡುಗಿಯ ಜಾಗ ಖಾಲಿ ಉಳಿಯಲಿಲ್ಲ. ಬುಧವಾರವೇ ಉತ್ತರ ಬಂದದ್ದರಿಂದ ಅಧಿಕಾರಿಗೆ ಒಂದು ದಿನ ಸಿಕ್ಕಿತು. ಕಾಯುವ ಪಟ್ಟಿಯಲ್ಲಿದ್ದ ಶಿರಾದ ಹುಡುಗನಿಗೆ ಫೋನ್ ಹೋಯಿತು. ಶಿರಾದಿಂದ ತುಮಕೂರಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವವರಿದ್ದಾರೆ.