ಬಿಳಿ ಸಾಲನ್ನು ನಂಬಬೇಡಿ

2025ರ ಸೆಪ್ಟೆಂಬರ್ 13, ಶನಿವಾರ ಬೆಳಿಗ್ಗೆ ಪುಣೆಯ ನನ್ನ ಮನೆಗೆ ಒಂದು ಫೋನು ಬಂತು. ಅಕ್ಕಲಕೋಟೆ ಕಡೆಯ ಹಳ್ಳಿಯೊಂದರಲ್ಲಿ ಮರುದಿನ ಕಣ್ಣಿನ ಶಿಬಿರವಿತ್ತು. ಶಸ್ತ್ರಚಿಕಿತ್ಸೆ ಆದವರು ಮನೆಗೆ ಹೋದ ಮೇಲೆ ಹನಿ ಔಷಧ ಹೇಗೆ ಹಾಕಿಕೊಳ್ಳಬೇಕು ಎಂಬ ಎರಡು ಪುಟದ ಕರಪತ್ರವನ್ನು ನಾನು ಕನ್ನಡಕ್ಕೆ ಮಾಡಿಕೊಡಬೇಕಿತ್ತು. ಶುಕ್ರವಾರ ಸಂಜೆಯೇ ಬರಬೇಕಿದ್ದ ಫೈಲು ಎಲ್ಲಿ ಎಂದು ಅವರು ಕೇಳಿದರು. ನಾನು ಅದನ್ನು ಇನ್ನೂ ಶುರುವೇ ಮಾಡಿರಲಿಲ್ಲ. ಪ್ರೆಸ್ಸಿನವರು ಮಧ್ಯಾಹ್ನದ ತನಕ ಕಾಯಲು ಒಪ್ಪಲಿಲ್ಲ. ಮನೆಯಲ್ಲಿ ಕನ್ನಡವನ್ನೇ ಆಡುವ ಅಲ್ಲಿನ ಅಜ್ಜ ಅಜ್ಜಿಯರ ಕೈಗೆ ಮರಾಠಿ ಕರಪತ್ರವಷ್ಟೇ ಹೋಯಿತು.

ಇದು ಮರೆವಲ್ಲ. ಗೂಗಲ್ ಶೀಟಿನಲ್ಲಿ ನಾನು ಎಲ್ಲ ಕೆಲಸಗಳ ಪಟ್ಟಿ ಇಟ್ಟಿದ್ದೇನೆ. ಕೆಲಸ, ಗಿರಾಕಿ, ಗಡುವು, ಸ್ಟೇಟಸ್ ಎಂದು ನಾಲ್ಕು ಕಾಲಂ. ಗಡುವಿನ ದಿನ ಬಂದರೆ ಸಾಲು ಕೆಂಪಾಗುತ್ತದೆ. ಶುಕ್ರವಾರ ಬೆಳಿಗ್ಗೆ ಶೀಟು ತೆರೆದು ನೋಡಿದ್ದೆ, ಶನಿವಾರ ಫೋನು ಇಟ್ಟ ಮೇಲೂ ನೋಡಿದೆ. ಗಡುವಿನ ಕಾಲಂನಲ್ಲಿ 12/09/2025 ಎಂದೇ ಇತ್ತು, ನಾನು ಹಾಕಿದ ಹಾಗೆಯೇ. ಆದರೂ ಸಾಲು ಬಿಳಿಯಾಗಿತ್ತು.

ಕಾರಣ ಹುಡುಕಲು ಅರ್ಧ ಗಂಟೆ ಹಿಡಿಯಿತು. ಆ ಶೀಟಿನ `Locale` ಅಮೆರಿಕದ್ದಾಗಿತ್ತು. ಅಲ್ಲಿ ಮೊದಲು ತಿಂಗಳು, ಆಮೇಲೆ ದಿನ. ನಾನು ಬರೆದದ್ದು ಸೆಪ್ಟೆಂಬರ್ 12, ಶೀಟು ಓದಿಕೊಂಡದ್ದು ಡಿಸೆಂಬರ್ 9. ತೋರಿಸುವಾಗಲೂ ಅದೇ ಕ್ರಮದಲ್ಲಿ ತೋರಿಸುವುದರಿಂದ ನನ್ನ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಂಡಿತ್ತು. ಅದರ ಕೆಳಗೇ ಇನ್ನೊಂದು ಕೆಲಸದ ಗಡುವು 25/09/2025 ಎಂದಿತ್ತು. ಇಪ್ಪತ್ತೈದನೇ ತಿಂಗಳು ಇಲ್ಲವಲ್ಲ, ಹಾಗಾಗಿ ಶೀಟು ಅದನ್ನು ದಿನಾಂಕವೆಂದೇ ತೆಗೆದುಕೊಳ್ಳದೆ ಬರೀ ಅಕ್ಷರಗಳಾಗಿ ಇಟ್ಟುಕೊಂಡಿತ್ತು. ಶೀಟಿನ ಲೆಕ್ಕದಲ್ಲಿ ಅಕ್ಷರ ಯಾವಾಗಲೂ ಸಂಖ್ಯೆಗಿಂತ ದೊಡ್ಡದು, ದಿನಾಂಕ ಎಂದರೆ ಒಳಗೆ ಒಂದು ಸಂಖ್ಯೆ. ಆದ್ದರಿಂದ ಆ ಸಾಲು ಈ ಜನ್ಮದಲ್ಲಿ ಕೆಂಪಾಗುತ್ತಿರಲಿಲ್ಲ.

ಭಾಷಾವಿಜ್ಞಾನ ಓದಿದವಳಾಗಿ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಗುರುತು ಇಲ್ಲದಿರುವುದೂ ಒಂದು ಗುರುತೇ. ‘ಪುಸ್ತಕ ಓದಿದೆ’ ಎನ್ನುವಾಗ ‘ಅನ್ನು’ ಇಲ್ಲದಿದ್ದರೂ ಓದಿಸಿಕೊಂಡದ್ದು ಪುಸ್ತಕ ಎಂದು ತಿಳಿದುಕೊಳ್ಳುತ್ತೇವೆ. ಹಾಗೆಯೇ ಬಿಳಿ ಸಾಲನ್ನು ‘ಇನ್ನೂ ಸಮಯವಿದೆ’ ಎಂದು ಓದುತ್ತೇವೆ. ಆದರೆ ‘ನನಗೆ ಇದು ಅರ್ಥವಾಗಲಿಲ್ಲ’ ಎಂದು ಹೇಳಬೇಕಾದಾಗಲೂ ಶೀಟು ಅದೇ ಬಿಳಿಯನ್ನು ತೋರಿಸುತ್ತದೆ. ನನ್ನ ವಾದ ಇಷ್ಟೇ: ಕೆಂಪು ಬರಿಸುವುದನ್ನು ಎಲ್ಲರೂ ಕಲಿಸುತ್ತಾರೆ, ಬಿಳಿಯನ್ನು ನಂಬುವ ಹಾಗೆ ಮಾಡುವುದು ಅದಕ್ಕಿಂತ ದೊಡ್ಡ ಕೆಲಸ.

ಸಾಮಾನ್ಯವಾಗಿ ಜನ ಬಳಸುವ ನಿಯಮ ಇದು:

```
=$C2<TODAY()
```

C ಎಂದರೆ ಗಡುವಿನ ಕಾಲಂ. ಇದರಲ್ಲಿ ಎರಡು ತೊಂದರೆಗಳು ಮೊದಲ ವಾರದಲ್ಲೇ ಕಾಣುತ್ತವೆ. ಖಾಲಿ ಸೆಲ್ಲನ್ನು ಶೀಟು ಸೊನ್ನೆ ಎಂದು ಎಣಿಸುವುದರಿಂದ ಕೆಳಗಿನ ಖಾಲಿ ಸಾಲುಗಳೆಲ್ಲ ಕೆಂಪಾಗುತ್ತವೆ. ಮುಗಿಸಿ ಕಳಿಸಿದ ಕೆಲಸಗಳೂ ಗಡುವು ದಾಟಿದ ಮೇಲೆ ಕೆಂಪಾಗುತ್ತವೆ. ಎಲ್ಲೆಲ್ಲೂ ಕೆಂಪು ಕಂಡರೆ ಕಣ್ಣು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾನು ಈಗ ಎರಡು ನಿಯಮ ಇಟ್ಟಿದ್ದೇನೆ. `Format > Conditional formatting` ಒಳಗೆ A2:D200 ಎಂದು ವ್ಯಾಪ್ತಿ ಕೊಟ್ಟು, `Custom formula is` ಆರಿಸಿ, ಮೊದಲನೆಯದಕ್ಕೆ ಕೆಂಪು:

```
=AND(ISNUMBER($C2),$C2<=TODAY(),$D2<>"ಮುಗಿದಿದೆ")
```

ಎರಡನೆಯದಕ್ಕೆ ಹಳದಿ:

```
=AND($A2<>"",NOT(ISNUMBER($C2)))
```

ಕೆಲಸದ ಹೆಸರಿದ್ದು ಗಡುವು ಇಲ್ಲದಿದ್ದರೆ, ಅಥವಾ ಗಡುವು ಬರೀ ಅಕ್ಷರವಾಗಿ ಉಳಿದಿದ್ದರೆ, ಸಾಲು ಹಳದಿಯಾಗುತ್ತದೆ. ‘ಅರ್ಥವಾಗಲಿಲ್ಲ’ ಎನ್ನುವುದಕ್ಕೆ ಈಗ ಒಂದು ಬಣ್ಣವಿದೆ. ಕಾಲಂ ಅಕ್ಷರದ ಹಿಂದಿನ $ ಬಿಡಬೇಡಿ. ಅದು ಇದ್ದರೆ ಮಾತ್ರ ಸಾಲಿನ ಪ್ರತಿ ಸೆಲ್ಲೂ ಅದೇ ಗಡುವನ್ನು ನೋಡುತ್ತದೆ, ಇಲ್ಲದಿದ್ದರೆ ಒಂದೊಂದು ಸೆಲ್ಲು ಒಂದೊಂದು ಕಾಲಂ ನೋಡಿ ಬಣ್ಣ ಅಡ್ಡಾದಿಡ್ಡಿಯಾಗುತ್ತದೆ.

ಆದರೆ ನನ್ನನ್ನು ಕೆಡವಿದ ತಪ್ಪನ್ನು ಈ ಹಳದಿ ಹಿಡಿಯುವುದಿಲ್ಲ. ಡಿಸೆಂಬರ್ 9 ಕೂಡ ಒಳ್ಳೆಯ ದಿನಾಂಕವೇ. ಅದಕ್ಕೆ `File > Settings` ಒಳಗೆ `Locale` ಅನ್ನು `India` ಎಂದು ಬದಲಿಸಬೇಕು. ಇದು ಮುಂದೆ ಬರೆಯುವುದನ್ನಷ್ಟೇ ಸರಿಮಾಡುತ್ತದೆ. ಹಳೆಯ ಡಿಸೆಂಬರ್ 9 ಒಳಗೆ ಡಿಸೆಂಬರ್ 9 ಆಗಿಯೇ ಉಳಿಯುತ್ತದೆ, ಅದನ್ನು ಕೈಯಾರೆ ತಿದ್ದಬೇಕು. ಆಮೇಲೆ ಗಡುವಿನ ಕಾಲಂಗೆ ತಿಂಗಳ ಹೆಸರು ಕಾಣುವ ರೂಪ ಕೊಡಿ. `09-Dec-2025` ಎಂದು ಕಂಡರೆ ತಪ್ಪು ಬರೆದ ಕ್ಷಣದಲ್ಲೇ ಗೊತ್ತಾಗುತ್ತದೆ. ಇನ್ನೊಂದು ಸುಳಿವೂ ಇದೆ. ನೀವಾಗಿ ಜೋಡಣೆ ಬದಲಿಸದಿದ್ದರೆ ನಿಜವಾದ ದಿನಾಂಕ ಸೆಲ್ಲಿನ ಬಲಕ್ಕೆ ಅಂಟುತ್ತದೆ, ಅಕ್ಷರ ಎಡಕ್ಕೆ. ಬೇರೆಯವರ ಶೀಟು ಕೈಗೆ ಬಂದಾಗ ನಾನು ಮೊದಲು ನೋಡುವುದೇ ಅದನ್ನು.

ಇನ್ನು ಸ್ಟೇಟಸ್ ಕಾಲಂ. ಇಲ್ಲಿ ಕೈಯಲ್ಲಿ ಟೈಪ್ ಮಾಡುವ ಸ್ವಾತಂತ್ರ್ಯವೇ ಬೇಡ ಎನ್ನುತ್ತೇನೆ. ಮೊದಲು ನನ್ನ ನಿಯಮದಲ್ಲಿ ‘ಕಳಿಸಿದೆ’ ಎಂದಿತ್ತು. ಕೆಲವು ದಿನ ‘ಕಳಿಸಿದೆ’ ಎಂದೂ ಕೆಲವು ದಿನ ‘ಕಳುಹಿಸಿದೆ’ ಎಂದೂ ಬರೆಯುತ್ತಿದ್ದೆ. ನಮಗೆ ಎರಡೂ ಒಂದೇ, ಶೀಟಿಗೆ ಬೇರೆ ಬೇರೆ. ಮುಗಿದ ಕೆಲಸ ಕೆಂಪಾಗಿಯೇ ಉಳಿಯುತ್ತಿತ್ತು. ಈಗ ಡ್ರಾಪ್‌ಡೌನ್‌ನಲ್ಲಿ ಮೂರೇ ಆಯ್ಕೆ: ‘ನನ್ನ ಬಳಿ’, ‘ಅವರ ಬಳಿ’, ‘ಮುಗಿದಿದೆ’. ‘ನಡೆಯುತ್ತಿದೆ’ ಎಂಬುದನ್ನು ಬೇಕೆಂದೇ ತೆಗೆದುಹಾಕಿದೆ. ಯಾರು ನಡೆಸುತ್ತಿದ್ದಾರೆ ಎಂದು ಅದು ಹೇಳುವುದೇ ಇಲ್ಲ. ಕರಡನ್ನು ಗಿರಾಕಿಗೆ ಕಳಿಸಿದ ದಿನ ಸ್ಟೇಟಸ್ ‘ಅವರ ಬಳಿ’ ಆಗುತ್ತದೆ, ದಿನಾಂಕವನ್ನು ನಾನು ಅವರಿಗೆ ನೆನಪಿಸಬೇಕಾದ ದಿನಕ್ಕೆ ಬದಲಿಸುತ್ತೇನೆ. ಹೀಗೆ ಕೆಂಪಿಗೆ ಒಂದೇ ಅರ್ಥ ಉಳಿಯುತ್ತದೆ: ಇವತ್ತು ನಾನೇ ಏನಾದರೂ ಮಾಡಬೇಕು, ಒಂದು ಫೋನಾದರೂ ಸರಿ.

ದಿನಾಂಕ ಬದಲಿಸಬಹುದು ಎಂದ ತಕ್ಷಣ ಒಂದು ಆಕ್ಷೇಪಣೆ ಬರುತ್ತದೆ, ಅದು ನ್ಯಾಯವಾದದ್ದೇ. ಕೆಂಪು ಕಂಡಾಗಲೆಲ್ಲ ಗಡುವನ್ನು ಒಂದು ವಾರ ಮುಂದಕ್ಕೆ ತಳ್ಳಿದರೆ ಶೀಟು ಸದಾ ಬೆಳ್ಳಗಿರುತ್ತದೆ. ನಾನೂ ಹಾಗೆ ಮಾಡಿದ್ದೇನೆ, ಅದೂ ರಾತ್ರಿ ಹನ್ನೊಂದಕ್ಕೆ. ಅದಕ್ಕಾಗಿ E ಕಾಲಂನಲ್ಲಿ ‘ಮೊದಲು ಒಪ್ಪಿದ ದಿನ’ ಎಂದು ಇನ್ನೊಂದು ದಿನಾಂಕ ಇಟ್ಟಿದ್ದೇನೆ. ಕೆಲಸ ಒಪ್ಪಿಕೊಂಡ ದಿನ ಒಮ್ಮೆ ಬರೆದರೆ ಮತ್ತೆ ಮುಟ್ಟುವ ಹಾಗಿಲ್ಲ. ಆ ಎರಡು ದಿನಾಂಕಗಳ ನಡುವಿನ ಅಂತರವನ್ನು ತಿಂಗಳ ಕೊನೆಗೆ ನೋಡಿದರೆ ಸಾಕು. ಯಾವ ಕೆಲಸಕ್ಕೆ ನಾನು ಯಾವಾಗಲೂ ಕಡಿಮೆ ದಿನ ಕೇಳುತ್ತೇನೆ, ಯಾರ ಬಳಿ ಕರಡು ಸದಾ ಕೊಳೆಯುತ್ತದೆ ಎರಡೂ ಕಾಣುತ್ತವೆ.

ಇಷ್ಟಾದರೂ ಶೀಟು ತಾನಾಗಿ ಕರೆಯುವುದಿಲ್ಲ, ತೆರೆದವರಿಗೆ ಮಾತ್ರ ಬಣ್ಣ ತೋರಿಸುತ್ತದೆ. ಹೊಸ ನಿಯಮ ಹಾಕಿದ ದಿನ ಒಂದು ಪರೀಕ್ಷೆ ಮಾಡಿ. ಮೂರು ಸುಳ್ಳು ಕೆಲಸಗಳನ್ನು ಸೇರಿಸಿ: ಒಂದಕ್ಕೆ ನಿನ್ನೆಯ ದಿನಾಂಕ, ಒಂದಕ್ಕೆ ದಿನಾಂಕವೇ ಇಲ್ಲ, ಒಂದಕ್ಕೆ ‘ಮುಂದಿನ ಶುಕ್ರವಾರ’ ಎಂಬ ಮಾತು. ಮೊದಲನೆಯದು ಕೆಂಪು, ಉಳಿದೆರಡು ಹಳದಿ ಆದರೆ ಮಾತ್ರ ಬಿಳಿಯನ್ನು ನಂಬಿ. ಆ ಕನ್ನಡ ಕರಪತ್ರವನ್ನು ನಾನು ಶನಿವಾರ ಸಂಜೆಯೇ ಮುಗಿಸಿ ಕಳಿಸಿದೆ. ಮುಂದಿನ ಶಿಬಿರಕ್ಕೆ ಇಟ್ಟುಕೊಳ್ಳುತ್ತೇವೆ ಎಂದರು. ಆ ಸಾಲು ಈಗ ‘ಅವರ ಬಳಿ’ ಇದೆ, ಅದಕ್ಕೊಂದು ದಿನಾಂಕವೂ ಇದೆ.