ಇಪ್ಪತ್ತು ಪದ ಎಂಬತ್ತಾಗುವ ಬಗೆ

ಹೊರನಾಡಿನ ಕನ್ನಡ ಸಂಘಗಳ ಸ್ಮರಣ ಸಂಚಿಕೆ, ಪ್ರವಾಸದ ಕೈಪಿಡಿ, ಪ್ರದರ್ಶನದ ಫಲಕ, ಎಲ್ಲ ಕಡೆಯೂ ಬರೆಯುವವರಿಗೆ ಬರುವ ಸೂಚನೆ ಒಂದೇ ಥರ: 'ಪ್ಯಾರಾ ತೆಳುವಾಯಿತು, ಎಂಬತ್ತು ಪದಕ್ಕೆ ಹಿಗ್ಗಿಸಿ.' ಪುಟದಲ್ಲಿ ಜಾಗ ನಿಗದಿಯಾಗಿದೆ, ಪಕ್ಕದಲ್ಲಿ ಚಿತ್ರವಿದೆ, ಎಪ್ಪತ್ತಾದರೆ ಖಾಲಿ ಕಾಣುತ್ತದೆ, ತೊಂಬತ್ತಾದರೆ ಹಿಡಿಸುವುದಿಲ್ಲ. ಈ ಸೂಚನೆ ಬಂದ ಕೂಡಲೇ ಬಹುಪಾಲು ಜನ ವಿಶೇಷಣಗಳ ಡಬ್ಬಿಗೆ ಕೈಹಾಕುತ್ತಾರೆ. ಆಮೇಲೆ ಪದಮಿತಿಯನ್ನೇ ದೂರುತ್ತಾರೆ. ದೂರಬೇಕಾದದ್ದು ಪದಮಿತಿಯನ್ನಲ್ಲ. ಕೊರತೆ ಬಿದ್ದ ಅರವತ್ತು ಪದ ಎಂದರೆ ಆ ಪ್ಯಾರಾ ಉತ್ತರಿಸದೆ ಬಿಟ್ಟ ಪ್ರಶ್ನೆಗಳು. ಅವನ್ನು ಹುಡುಕಿದರೆ ಪದ ತಾವಾಗಿ ಬರುತ್ತವೆ. ಹುಡುಕದೆ ತುಂಬಿಸಿದರೆ ಎಂಬತ್ತು ಪದದ ಪ್ಯಾರಾದಲ್ಲೂ ಇಪ್ಪತ್ತು ಪದದ ಮಾಹಿತಿಯೇ ಉಳಿಯುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡಬಹುದು. ಗೋಲ್ ಗುಂಬಜ್ ಬಗ್ಗೆ ಎಲ್ಲಿ ಬೇಕಾದರೂ ಸಿಗುವಂಥ ಪ್ಯಾರಾ ಇದು:

'ಗೋಲ್ ಗುಂಬಜ್ ವಿಜಯಪುರದಲ್ಲಿರುವ ಪ್ರಸಿದ್ಧ ಸ್ಮಾರಕ. ಇದನ್ನು ಆದಿಲ್ ಶಾಹಿ ಅರಸರು ಕಟ್ಟಿಸಿದರು. ಇದರ ಗುಮ್ಮಟ ಬಹಳ ದೊಡ್ಡದು. ಇಲ್ಲಿ ಪಿಸುಗುಟ್ಟಿದರೂ ಕೇಳಿಸುತ್ತದೆ. ದೇಶವಿದೇಶಗಳಿಂದ ಪ್ರವಾಸಿಗರು ಬರುತ್ತಾರೆ.'

ಲೆಕ್ಕಕ್ಕೆ ಸರಿಯಾಗಿ ಇಪ್ಪತ್ತು ಪದ. ಇದನ್ನು ಎಂಬತ್ತಕ್ಕೆ ಮುಟ್ಟಿಸುವ ಸುಲಭದ ದಾರಿ ಹೀಗಿರುತ್ತದೆ: 'ಕರ್ನಾಟಕದ ಭವ್ಯ ಇತಿಹಾಸಕ್ಕೆ ಸಾಕ್ಷಿಯಾಗಿ ತಲೆಯೆತ್ತಿ ನಿಂತಿರುವ, ನೋಡುಗರ ಕಣ್ಮನ ಸೆಳೆಯುವ, ವಾಸ್ತುಶಿಲ್ಪದ ಅದ್ಭುತವೆಂದೇ ಜಗತ್ತಿನಾದ್ಯಂತ ಹೆಸರಾಗಿರುವ ಗೋಲ್ ಗುಂಬಜ್ ವಿಜಯಪುರದಲ್ಲಿರುವ ಪ್ರಸಿದ್ಧ ಸ್ಮಾರಕ.' ಐದು ಪದದ ವಾಕ್ಯ ಹದಿನೆಂಟಾಯಿತು. ಇಂಥ ನಾಲ್ಕು ವಾಕ್ಯ ಬರೆದರೆ ಕೆಲಸ ಮುಗಿಯಿತು.

ಕನ್ನಡದ ವಾಕ್ಯರಚನೆ ಇದಕ್ಕೆ ಬಹಳ ಅನುಕೂಲ ಮಾಡಿಕೊಡುತ್ತದೆ. ನಾಮಪದದ ಎಡಕ್ಕೆ 'ನಿಂತಿರುವ', 'ಸೆಳೆಯುವ', 'ಹೆಸರಾಗಿರುವ' ಎಂದು ಎಷ್ಟು ಬೋಗಿ ಬೇಕಾದರೂ ಸೇರಿಸಬಹುದು. ಕೊನೆಯ ಕ್ರಿಯಾಪದವನ್ನು ಮುಟ್ಟುವುದೇ ಬೇಡ. ವಾಕ್ಯ ಉದ್ದವಾದರೂ ಅದು ಹೇಳುವ ಸಂಗತಿ ಅಲ್ಲೇ ನಿಂತಿರುತ್ತದೆ. ಇದನ್ನು ಪತ್ತೆಹಚ್ಚಲು ಒಂದು ಸರಳ ಪರೀಕ್ಷೆ ಇದೆ. ಗೋಲ್ ಗುಂಬಜ್ ತೆಗೆದು ಮೈಸೂರು ಅರಮನೆಯನ್ನು ಹಾಕಿ, ಊರಿನ ಹೆಸರು ಬದಲಿಸಿ ಓದಬೇಕು. ಮೇಲಿನ ಹದಿನೆಂಟು ಪದದ ವಾಕ್ಯ ಒಂದಿಷ್ಟೂ ಅಲುಗದೆ ನಿಲ್ಲುತ್ತದೆ. ಬೇರೆ ಹೆಸರು ಹಾಕಿದರೂ ನಿಲ್ಲುವ ಮಾತು ಗೋಲ್ ಗುಂಬಜ್ ಬಗ್ಗೆ ಹೇಳಿದ ಮಾತಲ್ಲ.

ಹಾಗಾದರೆ ಪದ ತರುವುದೆಲ್ಲಿಂದ? ತೆಳು ಪ್ಯಾರಾದ ಒಂದೊಂದು ವಾಕ್ಯವನ್ನೂ ನಿಲ್ಲಿಸಿ ವಿಚಾರಿಸಬೇಕು. 'ಆದಿಲ್ ಶಾಹಿ ಅರಸರು ಕಟ್ಟಿಸಿದರು' ಎಂದರೆ ಯಾವ ಅರಸ, ಯಾವಾಗ, ಏನೆಂದು? ಉತ್ತರ ಖಚಿತವಾಗಿದೆ: 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಾಹನ ಸಮಾಧಿ ಇದು. ಇದು ಸಿಕ್ಕಿದ ಕೂಡಲೇ 'ಸ್ಮಾರಕ' ಎಂಬ ಮಸುಕು ಪದ ಬಿದ್ದುಹೋಗಿ ಆ ಜಾಗಕ್ಕೆ 'ಸಮಾಧಿ' ಬರುತ್ತದೆ. 'ಪ್ರಸಿದ್ಧ' ಕೂಡ ಬೇಡವಾಗುತ್ತದೆ.

'ಬಹಳ ದೊಡ್ಡದು' ಎಂಬಲ್ಲಿ ಅಪಾಯ ಹೆಚ್ಚು. ಇಲ್ಲಿ ಕೈ ತಾನಾಗಿ 'ಜಗತ್ತಿನ ಎರಡನೆಯ ಅತಿದೊಡ್ಡ ಗುಮ್ಮಟ' ಎಂದು ಬರೆದುಬಿಡುತ್ತದೆ. ನೋಡಲು ಮಾಹಿತಿಯಂತಿದ್ದರೂ ಇದೂ ಭರ್ತಿಯ ಸಾಮಾನೇ. ಅಳೆದದ್ದು ಗುಮ್ಮಟದ ಹೊರಗನ್ನೋ ಒಳಗನ್ನೋ ಎಂದು ಅದು ಹೇಳುವುದಿಲ್ಲ. ಗೋಲ್ ಗುಂಬಜಿನ ಹೊರ ವ್ಯಾಸ ಸುಮಾರು 44 ಮೀಟರ್, ಒಳ ವ್ಯಾಸ ಸುಮಾರು 38. ರೋಮಿನ ಪ್ಯಾಂಥಿಯನ್ ಗುಮ್ಮಟದ ಒಳ ವ್ಯಾಸವೇ ಸುಮಾರು 43 ಮೀಟರ್. ಇದರ ಹೊರ ಅಳತೆಯನ್ನು ಅದರ ಒಳ ಅಳತೆಯ ಪಕ್ಕಕ್ಕಿಟ್ಟರೆ ನಮ್ಮದೇ ದೊಡ್ಡದಾಗಿ ಕಾಣುತ್ತದೆ, ಒಳಗನ್ನು ಒಳಗಿನ ಜೊತೆ ಹೋಲಿಸಿದರೆ ಕಾಣುವುದಿಲ್ಲ. ಅಲ್ಲದೆ ಇತ್ತೀಚಿನ ಕ್ರೀಡಾಂಗಣಗಳ ಚಾವಣಿಗಳನ್ನು ಸೇರಿಸಿಕೊಂಡರೆ ಆ 'ಎರಡನೆಯ' ಸ್ಥಾನ ಎಲ್ಲೂ ಉಳಿಯದು. ಆದ್ದರಿಂದ ಬರೆಯಬೇಕಾದದ್ದು ಸ್ಥಾನವನ್ನಲ್ಲ, ಅಳತೆಯನ್ನು. ಜೊತೆಗೆ 'ಹೊರ' ಎಂಬ ಒಂದು ಪದ ಇರಲೇಬೇಕು. ಎಂಬತ್ತು ಪದಗಳಲ್ಲಿ ತನ್ನ ಬಾಡಿಗೆಯನ್ನು ಸಲ್ಲಿಸುವ ಪದ ಅಂದರೆ ಇಂಥದ್ದು. 44 ಮೀಟರ್ ಎಷ್ಟೆಂದು ಕಣ್ಣಿಗೆ ಕಟ್ಟಿಸಲು ಓದುಗರಿಗೆ ಗೊತ್ತಿರುವ ಅಳತೆಯೊಂದು ಸಾಕು. ಕ್ರಿಕೆಟ್ ಪಿಚ್ಚಿನ ಉದ್ದ 20.12 ಮೀಟರ್.

ಮೂಲ ಪ್ಯಾರಾ ಕೇಳದೇ ಬಿಟ್ಟ ದೊಡ್ಡ ಪ್ರಶ್ನೆ ಇನ್ನೊಂದಿದೆ. ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡು, ನಡುವೆ ಕಂಬಗಳಿಲ್ಲ. ಚೌಕದ ಮೇಲೆ ದುಂಡು ನಿಂತದ್ದು ಹೇಗೆ? ಕಟ್ಟಿದವರ ಜಾಣ್ಮೆ ಇರುವುದು ಈ ಉತ್ತರದಲ್ಲೇ. 'ವಾಸ್ತುಶಿಲ್ಪದ ಅದ್ಭುತ' ಎಂದು ಬರೆಯುವವರು ಅದ್ಭುತ ಯಾವುದೆಂದು ಹೇಳದೆ ಹೋಗುವುದು ಸಾಮಾನ್ಯ. ಇನ್ನು 'ಪಿಸುಗುಟ್ಟಿದರೂ ಕೇಳಿಸುತ್ತದೆ' ಎಂಬುದಕ್ಕೆ ಮೂರು ಪ್ರಶ್ನೆ ಹಾಕಬೇಕು: ಎಲ್ಲಿ ನಿಂತು, ಏಕೆ, ಯಾವಾಗ ಕೇಳಿಸುವುದಿಲ್ಲ? ಮೂರನೆಯದನ್ನು ಬಿಡಬಾರದು. ಮಿತಿಯನ್ನು ಹೇಳುವ ವಾಕ್ಯ ಓದುಗರಿಗೆ ನೇರ ಉಪಯೋಗಕ್ಕೆ ಬರುತ್ತದೆ.

ಪ್ರವಾಸಿಗರ ವಾಕ್ಯ ಯಾವ ಪ್ರಶ್ನೆಗೂ ಬಾಯಿಬಿಡುವುದಿಲ್ಲ. ಅದನ್ನು ತೆಗೆದುಹಾಕಬೇಕು. ಪ್ಯಾರಾ ಹಿಗ್ಗಿಸುವಾಗ ಮೊದಲು ಅಳಿಸಬೇಕು ಎಂದರೆ ವಿಚಿತ್ರವೆನಿಸಬಹುದು. ಆದರೆ ಸತ್ತ ವಾಕ್ಯವನ್ನು ಇಟ್ಟುಕೊಂಡು ಸುತ್ತ ಕಟ್ಟಿದರೆ ಅದು ಅಷ್ಟು ಜಾಗ ತಿನ್ನುತ್ತಲೇ ಇರುತ್ತದೆ.

ಈಗ ಪದಗಳನ್ನು ಹಂಚಬೇಕು. ಯಾರದು ಎಂಬುದಕ್ಕೆ ಹತ್ತು, ಅಳತೆಗೆ ಹನ್ನೆರಡು, ಚೌಕದ ಮೇಲೆ ದುಂಡು ನಿಂತ ಬಗೆಗೆ ಇಪ್ಪತ್ತೈದು, ಪಿಸುಮಾತಿಗೆ ಮೂವತ್ತಮೂರು. ವಿವರಣೆ ಬೇಡುವ ಸಂಗತಿಗೆ ಹೆಚ್ಚು ಪಾಲು, ಬರೀ ತಿಳಿಸಿದರೆ ಸಾಕಾಗುವುದಕ್ಕೆ ಕಡಿಮೆ ಪಾಲು. ಫಲಿತಾಂಶ ಇದು:

'ವಿಜಯಪುರದ ಗೋಲ್ ಗುಂಬಜ್, 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಎರಡು ಕ್ರಿಕೆಟ್ ಪಿಚ್‌ಗಳನ್ನು ಉದ್ದಕ್ಕೆ ಜೋಡಿಸಿದರೂ ಅಷ್ಟಾಗದು. ಕೆಳಗಿನ ಚೌಕಾಕಾರದ ಹಜಾರದಲ್ಲಿ ಇದನ್ನು ಹೊರುವ ಒಂದು ಕಂಬವೂ ಇಲ್ಲ. ಗೋಡೆಗಳಿಂದ ಮೇಲೆದ್ದ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು, ಚೌಕವನ್ನು ಮೊದಲು ಎಂಟು ಮೂಲೆಯ ಆಕಾರಕ್ಕೆ ತರುತ್ತವೆ; ದುಂಡು ಗುಮ್ಮಟ ಅದರ ಮೇಲೆ ಕೂತಿದೆ. ಗುಮ್ಮಟದ ಬುಡದಲ್ಲಿ, ಒಳಗಡೆ, ಸುತ್ತಲೂ ಒಂದು ಗ್ಯಾಲರಿಯಿದೆ. ಅಲ್ಲಿ ಗೋಡೆಗೆ ಬಾಯಿ ತಂದು ಪಿಸುಗುಟ್ಟಿದರೆ, ಮಾತು ಬಾಗಿದ ಗೋಡೆಯನ್ನೇ ಹಿಡಿದು ಸಾಗಿ ಎದುರು ಬದಿಯಲ್ಲಿ ನಿಂತವರಿಗೆ ಕೇಳಿಸುತ್ತದೆ. ಹಜಾರದಲ್ಲಿ ಗದ್ದಲವಿದ್ದರೆ ಗುಮ್ಮಟ ಅದನ್ನೂ ಮತ್ತೆಮತ್ತೆ ಮಾರ್ದನಿಸುತ್ತದೆ. ಹಾಗಾಗಿ ಪಿಸುಮಾತು ಕೇಳಬೇಕೆಂದರೆ ಜನ ಕಡಿಮೆಯಿರುವ ಬೆಳಗ್ಗೆಯೇ ಹೋಗಬೇಕು.'

ಎಣಿಸಿದರೆ ಎಂಬತ್ತು. ಆದರೆ ಮೊದಲ ಏಟಿಗೇ ಲೆಕ್ಕ ಕೂಡಿಬರುವುದಿಲ್ಲ, ಒಂದೆರಡು ಪದ ಆಚೀಚೆ ಆಗಿಯೇ ಆಗುತ್ತದೆ. ಕೊನೆಯ ವಾಕ್ಯ 'ಹಾಗಾಗಿ ಪಿಸುಮಾತು ಕೇಳಬೇಕೆಂದರೆ ಬೆಳಗ್ಗೆಯೇ ಹೋಗಬೇಕು' ಎಂದಿದ್ದರೆ ಒಟ್ಟು 78. ಆ ಎರಡು ಪದಕ್ಕಾಗಿ 'ಅತ್ಯಂತ', 'ಬೃಹತ್' ಎಂದು ಎಲ್ಲೋ ಸಿಕ್ಕಿಸುವ ಮೊದಲು, ಇನ್ನೂ ಅರ್ಧ ಬಾಯಿ ತೆರೆದಿರುವ ವಾಕ್ಯ ಯಾವುದೆಂದು ನೋಡಬೇಕು. ಬೆಳಗ್ಗೆಯೇ ಏಕೆ ಎಂಬ ಪ್ರಶ್ನೆ ಅಲ್ಲೇ ಉಳಿದಿತ್ತು. 'ಜನ ಕಡಿಮೆಯಿರುವ' ಎಂಬ ಎರಡು ಪದ ಅದಕ್ಕೆ ಉತ್ತರ.

ಕನ್ನಡದಲ್ಲಿ ಇನ್ನೊಂದು ಕಳ್ಳದಾರಿಯೂ ಇದೆ. ಕಂಪ್ಯೂಟರ್ ಪದಗಳನ್ನು ಎಣಿಸುವುದು ನಡುವಿನ ಖಾಲಿ ಜಾಗವನ್ನು ನೋಡಿ. 'ಗ್ಯಾಲರಿಯಿದೆ' ಒಂದು ಪದ, 'ಗ್ಯಾಲರಿ ಇದೆ' ಎರಡು. 'ಮತ್ತೆಮತ್ತೆ' ಒಂದು, 'ಮತ್ತೆ ಮತ್ತೆ' ಎರಡು. '1627ರಿಂದ' ಎಂಬುದರ ಪ್ರತ್ಯಯವನ್ನು ಬಿಡಿಸಿ ಬರೆದರೆ ಅದೂ ಎರಡು. ಹೀಗೆ ಒಂದಕ್ಷರವನ್ನೂ ಸೇರಿಸದೆ ಎಂಬತ್ತು ಪದದ ಪ್ಯಾರಾವನ್ನು ಎಂಬತ್ತಮೂರು ಮಾಡಬಹುದು. ಲೆಕ್ಕ ಸರಿಹೋಗುತ್ತದೆ, ಓದುಗರಿಗೆ ಬಂದದ್ದು ಮೂರು ಖಾಲಿ ಜಾಗ. ಕೂಡಿಸುವ, ಬಿಡಿಸುವ ನಿಯಮವನ್ನು ಬರೆಯುವ ಮೊದಲೇ ನಿರ್ಧರಿಸಿಕೊಂಡು ಕೊನೆಯ ಕ್ಷಣದಲ್ಲಿ ಮುಟ್ಟದಿರುವುದೇ ಇದಕ್ಕೆ ಮದ್ದು.

ಅನುವಾದದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಇಂಗ್ಲಿಷ್ ನಾಲ್ಕು ಪದಗಳಲ್ಲಿ ಹೇಳುವುದನ್ನು ಕನ್ನಡ 'ಮನೆಯೊಳಗಿನಿಂದ' ಎಂಬ ಒಂದೇ ಪದದಲ್ಲಿ ಹೇಳುತ್ತದೆ. 'ಬರಬೇಕಾಗಿತ್ತಂತೆ' ಎಂಬುದಕ್ಕೆ ಇಂಗ್ಲಿಷಿನಲ್ಲಿ ಇಡೀ ವಾಕ್ಯವೇ ಬೇಕು. ಎಂಬತ್ತು ಪದದ ಇಂಗ್ಲಿಷ್ ಪ್ಯಾರಾ ಕನ್ನಡದಲ್ಲಿ ಏನನ್ನೂ ಕಳೆದುಕೊಳ್ಳದೆ ಎಂಬತ್ತಕ್ಕಿಂತ ಸಾಕಷ್ಟು ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ಆದರೂ 'ಎರಡೂ ಭಾಷೆಯಲ್ಲಿ ಎಂಬತ್ತು ಪದ' ಎಂದು ಕೇಳುವವರಿದ್ದಾರೆ. ಆಗ ಮೂಲದಲ್ಲಿಲ್ಲದ 'ಭವ್ಯ', 'ವಿಶ್ವವಿಖ್ಯಾತ'ಗಳು ಕನ್ನಡದಲ್ಲಿ ಮಾತ್ರ ಹುಟ್ಟಿಕೊಳ್ಳುತ್ತವೆ. ಎರಡನ್ನೂ ಓದಬಲ್ಲ ಮಗುವೊಂದು, ಮುಂಬಯಿಯದೋ ಪುಣೆಯದೋ, ಫಲಕದ ಮುಂದೆ ನಿಂತು ಎರಡನ್ನೂ ಓದುತ್ತದೆ. ವಿಷಯ ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿ ಇರುವುದು ಹೊಗಳಿಕೆ ಎಂದು ಅದಕ್ಕೆ ಬೇಗ ಗೊತ್ತಾಗಿಬಿಡುತ್ತದೆ. ಮುಂದಿನ ಸಲ ಕನ್ನಡದ ಕಡೆ ಅದು ಕಣ್ಣು ಹಾಯಿಸುವುದಿಲ್ಲ. ಹೊರನಾಡಿನಲ್ಲಿ ಕನ್ನಡ ಓದುಗರನ್ನು ಕಳೆದುಕೊಳ್ಳುವ ದಾರಿಗಳಲ್ಲಿ ಇದೂ ಒಂದು, ಮತ್ತು ಇದನ್ನು ಕಡಿದದ್ದು ಬರೆಯುವವರೇ.

ಆದ್ದರಿಂದ ಪದಮಿತಿ ಹೇಳುವ ಸಂಪಾದಕರು ಜೊತೆಗೆ ಎರಡು ವಸ್ತು ಕೊಡಬೇಕು: ನಂಬಬಹುದಾದ ಆಕರ, ಮತ್ತು ಆ ಭಾಷೆಗೆ ಒಪ್ಪುವ ಸಂಖ್ಯೆ. ಬರೆಯುವವರಿಗೂ ಒಂದು ಹೊಣೆ ಇದೆ. ಪ್ರಶ್ನೆಗಳು ಮುಗಿದು ಉತ್ತರಗಳೂ ಮುಗಿದು ಐವತ್ತೈದು ಪದಕ್ಕೇ ಪ್ಯಾರಾ ನಿಂತರೆ, ಐವತ್ತೈದನ್ನೇ ಕಳಿಸಿ 'ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡಿ' ಎನ್ನಬೇಕು. ಉಳಿದ ಜಾಗಕ್ಕೆ ಗುಮ್ಮಟದ ನೆಲನಕ್ಷೆಯೊಂದನ್ನು ಹಾಕಿದರೂ ಆದೀತು. ಇಪ್ಪತ್ತೈದು ವಿಶೇಷಣಗಳಿಗಿಂತ ಚೌಕದೊಳಗೆ ಬರೆದ ಎಂಟು ಗೆರೆ ಹೆಚ್ಚು ಹೇಳುತ್ತವೆ.