ಎಲ್ಲರೂ ಉಳಿಸಿದರೆ ಗಳಿಸುವವರು ಯಾರು?

ಅಕ್ಟೋಬರ್ 30ನ್ನು ಭಾರತದಲ್ಲಿ ಉಳಿತಾಯ ದಿನವೆಂದು ಆಚರಿಸುತ್ತಾರೆ. ಅದರ ನೆಪದಲ್ಲಿ ಅಲ್ ರಯ್ಯಾನ್‌ನ ಭಾರತೀಯ ಶಾಲೆಯೊಂದರ ಬೆಳಗಿನ ಸಭೆಯಲ್ಲಿ ಹನ್ನೆರಡನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಮಾತನಾಡಿದಳು. ಹನಿಗೂಡಿದರೆ ಹಳ್ಳ ಎಂಬ ನಿರೀಕ್ಷಿತ ಉಪದೇಶವನ್ನು ಬಿಟ್ಟು, ಎಲ್ಲರೂ ಒಮ್ಮೆಗೇ ಹೆಚ್ಚು ಉಳಿಸಹೊರಟರೆ ಸಮಾಜದ ಒಟ್ಟು ಆದಾಯವೇ ಕುಗ್ಗಬಹುದು ಎಂದಳು. ಎನ್‌ಸಿಇಆರ್‌ಟಿಯ ಅರ್ಥಶಾಸ್ತ್ರ ಪಠ್ಯದಲ್ಲಿರುವ ‘ಮಿತವ್ಯಯದ ವಿರೋಧಾಭಾಸ’ ಇದೇ. ಆದ್ದರಿಂದ ಧೈರ್ಯವಾಗಿ ಖರ್ಚು ಮಾಡಿ ಎಂಬುದು ಭಾಷಣದ ಕೊನೆಯ ಮಾತು. ಲೆಕ್ಕ ಸರಿ, ಆದರೆ ಆ ಕರೆ ಯಾರಿಗೆ ಸಲ್ಲಬೇಕು ಎಂಬುದನ್ನು ನಾವು ಕೇಳಿಕೊಳ್ಳಬೇಕಾಗಿದೆ.

ಮೊದಲು ಲೆಕ್ಕ. ಹೊರಗಿನೊಡನೆ ವ್ಯಾಪಾರವಿಲ್ಲದ ಒಂದು ಊರಿನ ಒಟ್ಟು ಆದಾಯ 100 ರೂಪಾಯಿ ಎನ್ನೋಣ. ಜನ 80ನ್ನು ಖರ್ಚು ಮಾಡಿ 20ನ್ನು ಉಳಿಸುತ್ತಾರೆ; ಉದ್ಯಮಿಗಳು 20ನ್ನು ಯಂತ್ರ, ಕಟ್ಟಡಗಳಿಗೆ ಹೂಡುತ್ತಾರೆ. ಒಬ್ಬರ ಖರ್ಚು ಇನ್ನೊಬ್ಬರ ಆದಾಯವಾದ್ದರಿಂದ ಚಕ್ರ ಸರಿಯಾಗಿ ತಿರುಗುತ್ತದೆ. ಈಗ ಭಯದಿಂದ ಎಲ್ಲರೂ ಆದಾಯದ ನಾಲ್ಕನೆಯ ಒಂದು ಭಾಗವನ್ನು ಉಳಿಸತೊಡಗಿದರು. ಖರ್ಚು 75ಕ್ಕೆ ಇಳಿಯಿತು, ಹೂಡಿಕೆ 20ರಲ್ಲೇ ನಿಂತಿತು. ಹೀಗಾಗಿ ಆದಾಯ 95. ಆ 95ರಲ್ಲೂ ಕಾಲುಭಾಗ ಉಳಿಸಿದರೆ ಮುಂದಿನ ಸುತ್ತಿನ ಆದಾಯ ಇನ್ನೂ ಕಡಿಮೆ. ಈ ಇಳಿತ ನಿಲ್ಲುವುದು 80ರಲ್ಲಿ. ಅದರ ಕಾಲುಭಾಗವೆಂದರೆ 20, ಅಂದರೆ ಮೊದಲಿದ್ದಷ್ಟೇ ಉಳಿತಾಯ. ಹೆಚ್ಚು ಉಳಿಸಲು ಹೊರಟ ಊರು ಒಂದು ರೂಪಾಯಿಯನ್ನೂ ಹೆಚ್ಚು ಉಳಿಸದೆ ಆದಾಯದ ಐದನೆಯ ಒಂದು ಭಾಗವನ್ನು ಕಳೆದುಕೊಂಡಿತು.

ಈ ಲೆಕ್ಕದ ಕೀಲಿ ಇರುವುದು ಹೂಡಿಕೆ ಕದಲದೆ ನಿಂತಿತು ಎಂಬ ಮಾತಿನಲ್ಲಿ. ಅದನ್ನು ತಿಳಿಯಲು ಕರಾವಳಿಯ ಚರಿತ್ರೆಯೇ ಸಾಕು. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ ಮತ್ತು ಸಂಗಡಿಗರು ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಸಾಲ ಒದಗಿಸಲೆಂದು ಸ್ಥಾಪಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟರು ದಿನವೂ ಮನೆ, ಅಂಗಡಿಗಳ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಹೀಗೆ ಕೂಡಿದ ಹಣ ನೂಲು ಕೊಳ್ಳುವ ನೇಕಾರನಿಗೆ ಸಾಲವಾಗಿ ಹೋದರೆ ಅಲ್ಲಿ ವಿರೋಧಾಭಾಸವಿಲ್ಲ. ಒಬ್ಬರು ತಡೆಹಿಡಿದ ಖರ್ಚನ್ನು ಇನ್ನೊಬ್ಬರು ಮಾಡಿದರು, ಅಷ್ಟೆ. ಸೀರೆ ಕೊಳ್ಳುವವರಿಲ್ಲವೆಂದು ನೇಕಾರ ಸಾಲವನ್ನೇ ಕೇಳದಿದ್ದರೆ, ಅಥವಾ ಮರುಪಾವತಿಯ ಅನುಮಾನದಿಂದ ಬ್ಯಾಂಕು ಕೊಡದಿದ್ದರೆ, ಆಗ ಅದೇ ಎರಡಾಣೆ ಯಾರದೋ ಕೂಲಿಯ ಖೋತಾ ಆಗುತ್ತದೆ. ಠೇವಣಿ ಬೆಳೆಯುತ್ತಿದ್ದು ಸಾಲ ಬೆಳೆಯದಿರುವುದು, ಬಡ್ಡಿ ಇಳಿಸಿದರೂ ಸಾಲಗಾರ ಬಾರದಿರುವುದು ಈ ರೋಗದ ಲಕ್ಷಣಗಳು. 1931ರ ಜನವರಿಯಲ್ಲಿ ಕೇನ್ಸ್ ಬ್ರಿಟನ್ನಿನ ಗೃಹಿಣಿಯರಿಗೆ ರೇಡಿಯೋದಲ್ಲಿ ಖರ್ಚು ಮಾಡಿರೆಂದು ಹೇಳಿದ್ದು ಅಂಥ ಕಾಲದಲ್ಲಿ, ಎಲ್ಲ ಕಾಲಕ್ಕೂ ಅಲ್ಲ.

ಇನ್ನು ಅಲ್ ರಯ್ಯಾನ್. ಕತಾರಿನ ಆದಾಯದ ಮೂಲ ಅನಿಲದ ರಫ್ತು. ಆದ್ದರಿಂದ ವಲಸಿಗರ ಮಿತವ್ಯಯ ಆ ದೇಶವನ್ನು ಮುಳುಗಿಸದು. ಆದರೆ ಗಲ್ಲಿಯ ಕೆಫೆಟೇರಿಯ, ದರ್ಜಿ, ಕ್ಷೌರಿಕ ಇವರ ಗಳಿಕೆ ನಿಂತಿರುವುದು ನಮ್ಮ ಜೇಬಿನ ಮೇಲೆಯೇ. ಊರಿಗೆ ಕಳಿಸಿದ ರಿಯಾಲು ಅಲ್ಲಿ ಮನೆಯಾಗಿ ಎದ್ದರೆ ಗಾರೆಯವನಿಗೂ ಬಡಗಿಗೂ ಆದಾಯವಾಗುತ್ತದೆ. ಇಲ್ಲಿ ನಿಂತ ಖರ್ಚು ಅಲ್ಲಿ ನಡೆಯುತ್ತದೆ. ಅದೇ ಹಣ ಆಮದಾದ ಚಿನ್ನವಾಗಿ ಲಾಕರ್ ಸೇರಿದರೆ ಊರಿನ ಚಕ್ರಕ್ಕೆ ಹೆಚ್ಚೇನೂ ದಕ್ಕದು.

ಹೀಗಿದ್ದರೂ 1,000 ರಿಯಾಲಿನ ಕನಿಷ್ಠ ಮೂಲವೇತನದ ಕಾರ್ಮಿಕನಿಗೆ ಖರ್ಚು ಮಾಡು ಎನ್ನುವುದು ಕ್ರೌರ್ಯ. ಅವನಿಗಿಲ್ಲಿ ಪಿಂಚಣಿಯಿಲ್ಲ, ಕೆಲಸ ಹೋದರೆ ಹೊಸದನ್ನು ಹುಡುಕಿಕೊಳ್ಳದೆ ಇಲ್ಲಿ ಬಹುಕಾಲ ನಿಲ್ಲುವಂತಿಲ್ಲ. ಅವನ ಉಳಿತಾಯ ಜಿಪುಣತನವಲ್ಲ, ಯಾರೂ ಕೊಡದ ವಿಮೆಯನ್ನು ತಾನೇ ಕಟ್ಟಿಕೊಳ್ಳುವ ಪರಿ. ವಿರೋಧಾಭಾಸದ ತಿರುಳೇ ಇದು: ಪ್ರತಿಯೊಬ್ಬರ ನಿರ್ಧಾರವೂ ವಿವೇಕದ್ದಾಗಿದ್ದು ಒಟ್ಟು ಫಲ ಮಾತ್ರ ಕೆಡುಕಾಗುತ್ತದೆ. ಆದ್ದರಿಂದ ಪರಿಹಾರವನ್ನು ವ್ಯಕ್ತಿಯ ಧೈರ್ಯದಲ್ಲಿ ಹುಡುಕಲಾಗದು.

ಎಲ್ಲರೂ ಕೈ ಬಿಗಿಹಿಡಿದಾಗ ಕೈ ಸಡಿಲಿಸಬಲ್ಲದ್ದು ಸರ್ಕಾರವೊಂದೇ. ಅದು ಉದ್ಯೋಗ ಖಾತರಿಗೆ, ಆಸ್ಪತ್ರೆಗೆ, ಪಿಂಚಣಿಗೆ ಹಣ ಹಾಕಿದರೆ ಇಂದಿನ ಆದಾಯದ ಇಳಿತ ತಡೆಯುತ್ತದೆ, ಜನರ ಭಯದ ಉಳಿತಾಯವೂ ತಗ್ಗುತ್ತದೆ. ಹಿಂಜರಿತದ ನಡುವೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎನ್ನುವ ಹಣಕಾಸು ಮಂತ್ರಿ ಮನೆಯ ಗಾದೆಯನ್ನು ದೇಶಕ್ಕೆ ಹೊಂದಿಸುತ್ತಾನೆ. ದೇಶ ಕಾಲು ಮಡಚಿದಂತೆಲ್ಲ ಹಾಸಿಗೆಯೂ ಗಿಡ್ಡವಾಗುತ್ತದೆ. ಆ ಹುಡುಗಿಯ ಭಾಷಣದ ಕರೆ ಸಲ್ಲಬೇಕಾದದ್ದು ಅವನಿಗೆ.